ಏಳು ಮಾತ್ರೆ ಉಳಿದಿದ್ದವು

ಬಾಯಿಮಾತು ನಂಬುವವಳಲ್ಲ ನಾನು. ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ನರ್ಸಮ್ಮನಾಗಿ ಹದಿನೈದು ವರ್ಷವಾಯಿತು. ಬಸುರಿಯರ ಮನೆಗೆ ಹೋದರೆ ಮೊದಲು ಕೇಳುವುದು ಮಾತ್ರೆಯ ಖಾಲಿ ಸ್ಟ್ರಿಪ್ಪು. "ತಿಂದಿವ್ನಿ ಕಣಕ್ಕ" ಅಂದರೆ ಸಾಲದು, ತಂದು ತೋರಿಸಬೇಕು. ಸರ್ಕಾರದ ಬಿಟ್ಟಿ ಮಾತ್ರೆ ಎಂದು ಮೂಗು ಮುರಿದವರಿಗೆ ನನ್ನಿಂದ ಚೆನ್ನಾಗಿ ಬೈಗುಳ ಬೀಳುತ್ತಿತ್ತು.

ನನ್ನ ತವರು ರಾಯದುರ್ಗ. ತಂಗಿಯನ್ನು ಕೊಟ್ಟಿರುವುದೂ ಅಲ್ಲೇ. ಅವಳ ಮೊದಲ ಬಸಿರು ಎರಡು ತಿಂಗಳಿಗೇ ಹೋಯಿತು. ಮತ್ತೆ ಮಗು ಬೇಕೆನ್ನುವ ಮೊದಲೇ ದಿನಕ್ಕೊಂದು ಫೋಲಿಕ್ ಆಸಿಡ್ ಶುರು ಮಾಡಿ ಎಂದು ಡಾಕ್ಟರು ಹೇಳಿದರು. ಸರ್ಕಾರದ ಆ ಹತ್ತು ಪುಟ್ಟ ಮಾತ್ರೆಗಳ ಸ್ಟ್ರಿಪ್ಪನ್ನು ನಾನೇ ಕೊಟ್ಟು ಬಂದೆ.

ಮೂರು ದಿನಕ್ಕೆ ಅವಳ ಫೋನು ಬಂತು. ಯಾವುದೋ ವಿಡಿಯೊ ನೋಡಿದ್ದಳು.

"ಅಕ್ಕಾ, ಭಾಳ ಮಂದಿಗೆ ಒಂದು ಜೀನು ಸರಿ ಇರಂಗಿಲ್ಲಂತ. ಅಂಥೋರಿಗೆ ಈ ಫೋಲಿಕ್ ಆಸಿಡ್ ಮೈಗೆ ಹತ್ತಂಗಿಲ್ಲಂತ, ಒಳಗ ಕೂತು ಕೆಡಸ್ತೈತಂತ. ಬಸಿರು ನಿಲ್ಲದ್ದು ಅದಕ್ಕ ಅಂತಾರ. ಮೀಥೈಲ್ ಫೋಲೇಟ್ ಅಂತ ಬ್ಯಾರೆ ಐತಂತ. ಮೊದ್ಲು ಟೆಸ್ಟ್ ಮಾಡಸ್ಬೇಕಂತ. ಏನ್ ಮಾಡ್ಲಿ?"

ಹಳ್ಳಿಯ ಯಾವಳಾದರೂ ಹೀಗೆ ಕೇಳಿದ್ದರೆ ಆ ಫೋನನ್ನೇ ಕಿತ್ತಿಟ್ಟು ಬರುತ್ತಿದ್ದೆ. ಆದರೆ ಇವಳು ನನ್ನ ತಂಗಿ. ಇವಳಿಗೂ ಅದೇ ಬಿಟ್ಟಿ ಮಾತ್ರೆಯೇ ಎಂದು ಒಳಗೊಳಗೇ ಅನಿಸಿತು. ಆ ಅನಿಸಿಕೆಯನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. "ಟೆಸ್ಟ್ ನಾನೇ ಮಾಡಸ್ತೀನಿ. ರಿಪೋರ್ಟ್ ಬರೋತನ ಆ ಮಾತ್ರೆ ಬಿಡು" ಅಂದೆ. ನನ್ನ ಅರ್ಧ ತಿಂಗಳ ಸಂಬಳ ಅದಕ್ಕೆ ಹೋಯಿತು. ಪ್ರೀತಿಯಿಂದಲೇ ಕೊಟ್ಟೆ.

ಕೆನ್ನೆಯ ಒಳಗನ್ನು ಹತ್ತಿಯಿಂದ ಒರೆಸಿ ಕಳಿಸಿದೆವು. ರಿಪೋರ್ಟು ಬರಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಅವಳಿಗೆ ಬಸಿರು ನಿಂತಿತ್ತು. ಮುಟ್ಟು ತಪ್ಪಿ ಹದಿನೈದು ದಿನ ಕಾದು ನನಗೆ ತಿಳಿಸಿದಳು, ಅದೇ ವಾರ ರಿಪೋರ್ಟೂ ಬಂತು. ಬಣ್ಣಬಣ್ಣದ ಹಾಳೆಗಳು. ಜೋಡಿ ಜೀನಿನಲ್ಲಿ ಒಂದು ಬದಲಾಗಿದೆ, ಮೀಥೈಲ್ ಫೋಲೇಟ್ ತೆಗೆದುಕೊಳ್ಳಿ ಎಂದಿತ್ತು. ಅದನ್ನು ಮಾರುವವರೂ ಟೆಸ್ಟ್ ಮಾಡಿದವರೇ. ಕಾರಣ ಸಿಕ್ಕಿತಲ್ಲ ಎಂದು ನಾವಿಬ್ಬರೂ ಫೋನಿನಲ್ಲೇ ಅತ್ತೆವು. ಅವತ್ತೇ ಆ ದುಬಾರಿ ಮಾತ್ರೆ ಶುರುವಾಯಿತು.

ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ತಲೆಬುರುಡೆ ಮೂಡಿರಲಿಲ್ಲ.

ಬಳ್ಳಾರಿಯ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದವರು ಹೇಳಿದ್ದನ್ನೇ ಅವರೂ ಹೇಳಿದರು: ಈ ಮಗು ಉಳಿಯುವುದಿಲ್ಲ. ಬಸಿರಾಗುವ ಮೊದಲು ಏನು ತಗೊಂಡ್ರಿ ಎಂದು ಕೇಳಿದರು. ತಂಗಿ ನನ್ನ ಮುಖ ನೋಡಿದಳು. ನಾನು ಬ್ಯಾಗಿನಿಂದ ರಿಪೋರ್ಟು ತೆಗೆದುಕೊಟ್ಟೆ. ಅವರು ಮೊದಲ ಹಾಳೆಯನ್ನಷ್ಟೇ ನೋಡಿದರು.

"ಈ ಬದಲಾವಣೆ ಎಷ್ಟೋ ಮಂದಿಗೆ ಇರ್ತೈತ್ರಿ. ಇದ್ರೂ ಫೋಲಿಕ್ ಆಸಿಡ್ ಮೈಗೆ ಹತ್ತತೈತಿ. ಬಸಿರು ಹೋಗಾಕ ಇದೇ ಕಾರಣ ಅನ್ನಾಕೂ ಬರಂಗಿಲ್ಲ. ಇದಕ್ಕ ಟೆಸ್ಟೇ ಬೇಕಿರಲಿಲ್ಲ. ಮಿದುಳು, ಬೆನ್ನುಹುರಿಯ ಈ ತೊಂದರೆ ತಡೀತೈತಿ ಅಂತ ಪರೀಕ್ಷೆ ಮಾಡಿ ತಿಳಕೊಂಡಿರೋದು ಫೋಲಿಕ್ ಆಸಿಡ್‌ನ್ನ. ಆ ಇನ್ನೊಂದಕ್ಕ ಅಂಥ ಪುರಾವೆ ಇಲ್ಲ. ಗರ್ಭ ನಿಂತ ನಾಕು ವಾರದೊಳಗ ಮಗುವಿನ ತಲಿ, ಬೆನ್ನು ಮುಚ್ಚಿಕೊಳ್ಳಬೇಕ್ರಿ. ಆಮೇಲೆ ಯಾವ ಮಾತ್ರೆ ತಗೊಂಡ್ರೂ ಅದಕ್ಕ ಉಪಯೋಗಿಲ್ಲ."

"ಮೊದಲಿನ ಮಾತ್ರೀನೇ ತಗೊಂಡಿದ್ರ ಉಳೀತಿತ್ತೇನ್ರಿ?" ತಂಗಿ ಕೇಳಿದಳು.

"ಹೇಳಾಕಾಗಂಗಿಲ್ಲವ್ವ. ತಗೊಂಡೋರಿಗೂ ಒಮ್ಮೊಮ್ಮೆ ಆಗತೈತಿ."

ನನ್ನ ಮೇಲಿನ ಕರುಣೆಯಿಂದ ಹಾಗೆ ಹೇಳಿದರೇನೋ ಎಂದುಕೊಂಡೆ. ಅಲ್ಲ, ಅದು ನಿಜವೇ. ಆದರೆ ಆ ನಿಜದಿಂದ ನನಗೆ ಸಮಾಧಾನ ಸಿಗಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆಲ್ಲ ಸಿಕ್ಕ ಅವಕಾಶವನ್ನು ನನ್ನ ತಂಗಿಯಿಂದ ನಾನೇ ಕಿತ್ತುಕೊಂಡಿದ್ದೆ.

ಆ ಬಸಿರನ್ನು ತೆಗೆಸಿಕೊಂಡು ಮನೆಗೆ ಬಂದೆವು. ಮುಂದಿನ ಬಸಿರಿಗೆ ಮೂರು ತಿಂಗಳ ಮೊದಲೇ ಫೋಲಿಕ್ ಆಸಿಡ್ ಶುರು ಮಾಡಬೇಕು, ಈ ಸಲ ಹೆಚ್ಚು ಪ್ರಮಾಣದ, ಐದು ಮಿಲಿಗ್ರಾಂನದು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ವಾಪಸ್ ಮಡಕಶಿರಾಕ್ಕೆ ಹೊರಡುವ ದಿನ ಆ ಮಾತ್ರೆಗಳನ್ನು ಅವಳ ಕೈಗಿಟ್ಟೆ. ಹಾಳು ನಾಲಿಗೆಗೆ ರೂಢಿ ಬಿಟ್ಟುಹೋಗುವುದಿಲ್ಲ. "ಡಾಕ್ಟರಮ್ಮ ಹೇಳಿದಾಗ ಶುರು ಮಾಡು. ದಿನಾ ತಗೋಬೇಕು. ಬಂದಾಗ ಸ್ಟ್ರಿಪ್ ನೋಡ್ತೀನಿ" ಅಂದೆ.

ಅವಳು ಎದ್ದು ಹೋಗಿ, ಬೀರುವಿನಲ್ಲಿ ಸೀರೆಯ ಅಡಿಯಲ್ಲಿಟ್ಟಿದ್ದ ಹಳೇ ಸ್ಟ್ರಿಪ್ಪು ತಂದಳು. ಅವತ್ತು ನಾನು ಕೊಟ್ಟಿದ್ದದ್ದು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಹಳ್ಳಿಯ ಹೆಣ್ಣುಮಕ್ಕಳು ನನಗೆ ಲೆಕ್ಕ ಒಪ್ಪಿಸುವಾಗ ಇರುವಷ್ಟೇ ವಿಧೇಯತೆ ಇತ್ತು.

"ನೋಡಕ್ಕಾ, ನೀ ಬಿಡು ಅಂದಮ್ಯಾಲೆ ಒಂದೂ ಮುಟ್ಟಿಲ್ಲ."

ನಾನು ಎಣಿಸಿದೆ. ಏಳು ಉಳಿದಿದ್ದವು.