ಮೊದಲ ಸಾಲಿನಲ್ಲಿ ರುದ್ರೇಶ್

ಭದ್ರಾವತಿಯ ನ್ಯೂ ಟೌನಿನಲ್ಲಿರುವ ರಶ್ಮಿಯ ಅಡುಗೆಮನೆಯಲ್ಲಿ, ಗ್ಯಾಸ್ ಕಟ್ಟೆಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ: ದಿನಾಂಕ, ಕಂಪನಿ, ಹುದ್ದೆ, ಉತ್ತರ. ಎಂಟು ತಿಂಗಳಲ್ಲಿ ಹನ್ನೊಂದು ಸಾಲು ತುಂಬಿತ್ತು. ಕೊನೆಯ ಕಾಲಂನಲ್ಲಿ ಎರಡು ಕಡೆ ‘ಇಲ್ಲ’ ಎಂದಿತ್ತು, ಉಳಿದ ಒಂಬತ್ತು ಖಾಲಿ.

ಬಿ.ಎಸ್ಸಿ. ಮುಗಿಸಿದ ರಶ್ಮಿ ಊರಿನ ಒಂದು ಸಣ್ಣ ಫೌಂಡ್ರಿಯ ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಕರಗಿದ ಕಬ್ಬಿಣದ ಮಾದರಿಯಲ್ಲಿ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಎಂದು ನೋಡಿ ಬರೆದುಕೊಡುವುದು ಅವಳ ಕೆಲಸ. ಫೌಂಡ್ರಿಯವರು ಮಾದರಿಗಳನ್ನು ಹೊರಗೆ ಕಳಿಸಿ ಪರೀಕ್ಷೆ ಮಾಡಿಸಲು ಶುರು ಮಾಡಿದ ಮೇಲೆ ಲ್ಯಾಬ್ ಮುಚ್ಚಿತು. ಆಗ ಅವಳಿಗೆ ಮೂವತ್ತೊಂಬತ್ತು.

ಹೊಳೆಹೊನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಾವ ಮಲ್ಲಿಕ್, ಒಂದನೇ ತಾರೀಖಿನಿಂದ ಕೌಂಟರಿಗೆ ಬಂದು ಕೂರಲು ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು. “ಈ ತಿಂಗಳ ಕೊನೇವರೆಗೂ ನೋಡ್ತೀನಿ ಭಾವ, ಆಗ್ಲಿಲ್ಲ ಅಂದ್ರೆ ಬರ್ತೀನಿ” ಎಂದು ರಶ್ಮಿ ಮಾತು ಕೊಟ್ಟಿದ್ದಳು. ಅಂಗಡಿಗೆ ಹೋದವಳು ಮತ್ತೆ ಲ್ಯಾಬಿಗೆ ಹಿಂದಿರುಗುವುದು ಕಷ್ಟವೆಂಬುದು ಅವಳಿಗೆ ಗೊತ್ತಿತ್ತು. ದ್ರಾವಣವನ್ನು ಹನಿಹನಿಯಾಗಿ ಬಿಡುವ ಬ್ಯುರೆಟ್ ಹಿಡಿದ ಕೈಗೆ ಆ ಕೆಲಸವೇ ಬೇಕು ಎನ್ನುವುದೂ ಗೊತ್ತಿತ್ತು.

ಹತ್ತನೇ ಅರ್ಜಿಯ ವಿಚಾರದಲ್ಲಿ ನಡೆದದ್ದು ಅವಳ ಕಣ್ಣು ತೆರೆಸಿತು. ಅದು ಶಿವಮೊಗ್ಗದ ಒಂದು ಪಶು ಆಹಾರದ ಕಾರ್ಖಾನೆ. ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ನವೀನ್, ಅವಳ ಕಾಲೇಜಿನ ಸಹಪಾಠಿ, “ನನ್ನ ಹೆಸ್ರು ಹಾಕು ಮಾರಾಯ್ತಿ” ಎಂದಿದ್ದ. ಹೆಸರನ್ನು ಎಲ್ಲಿ ಹಾಕಬೇಕೆಂದು ಹೇಳಿಕೊಟ್ಟವರು ಮಾವ ಷಡಕ್ಷರಪ್ಪ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರು ರಜೆಗೆ ಬರೆದ, ಕ್ವಾರ್ಟರ್ಸ್‌ಗೆ ಬರೆದ ಅರ್ಜಿಗಳೆಲ್ಲ ಒಂದೇ ಥರ ಇದ್ದವು: ಮೇಲೆ ತನ್ನ ವಿಷಯ, ಕಟ್ಟಕಡೆಯಲ್ಲಿ ಫೋರ್‌ಮನ್ನರ ಶಿಫಾರಸು ಮತ್ತು ಸಹಿ.

“ಬೇರೆಯವ್ರ ಹೆಸ್ರು ಕೆಳಗಡೆ ಬರ್ಬೇಕಮ್ಮ. ಮೊದ್ಲೇ ಹೇಳಿದ್ರೆ ಅವ್ರ ಜೋರಲ್ಲಿ ಬಂದಿದೀವಿ ಅಂದ್ಕೋತಾರೆ” ಎಂದಿದ್ದರು ಮಾವ. ರಶ್ಮಿಗೂ ಅದು ಸರಿಯೆನಿಸಿತ್ತು. ಮೇಲ್‌ನಲ್ಲಿ ‘ಅರ್ಜಿ ಲಗತ್ತಿಸಿದೆ’ ಎಂದಷ್ಟೇ ಬರೆದು, ಲಗತ್ತಿಸಿದ ಎರಡು ಪುಟದ ಪತ್ರದ ಕೊನೆಯ ಸಾಲಿನಲ್ಲಿ ನವೀನನ ಹೆಸರು ಹಾಕಿದ್ದಳು.

ಹನ್ನೆರಡು ದಿನ ಕಳೆದ ಮೇಲೆ ನವೀನನೇ ಫೋನ್ ಮಾಡಿದ. “ನೀನು ಹಾಕ್ಲೇ ಇಲ್ವಾ ಅರ್ಜಿ?”

“ಹಾಕಿದೀನಿ. ನಿನ್ನ ಹೆಸ್ರೂ ಬರೆದಿದೀನಿ.”

“ಎಲ್ಲಿ ಬರ್ದೆ? ಆಫೀಸ್ನಲ್ಲಿ ಕೇಳ್ದೆ. ಇನ್ನೂರು ಮೇಲ್ ಬಂದಿತ್ತಂತೆ, ಮೊದ್ಲು ನಾಲ್ಕು ಸಾಲು ನೋಡಿ ಮುಂದೆ ಹೋಗಿದಾರೆ. ನಿಂದನ್ನ ತೆಗ್ದೇ ನೋಡಿಲ್ಲ. ಮೊನ್ನೆ ಬೇರೆ ಯಾರನ್ನೋ ತಗೊಂಡ್ರು.”

ರಶ್ಮಿ ಫೋನ್ ಇಟ್ಟು, ಗೋಡೆಯ ಹಾಳೆಯಲ್ಲಿ ಹತ್ತನೇ ಸಾಲಿನ ಎದುರು ‘ಇಲ್ಲ’ ಎಂದು ಬರೆದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೆಸರು ಓದಲಿಲ್ಲ’ ಎಂದು ಸೇರಿಸಿದಳು. ಪ್ರಯೋಗ ಕೆಟ್ಟರೆ ಕಾರಣ ಬರೆದಿಡುವುದು ಅವಳ ರೂಢಿ.

ಅದೇ ವಾರ ಹನ್ನೆರಡನೆಯ ಅವಕಾಶ ಬಂತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನೀರು, ಮಣ್ಣು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬಿಗೆ ಅನಾಲಿಸ್ಟ್ ಬೇಕಾಗಿತ್ತು. ಅರ್ಜಿ ಮೇಲ್‌ನಲ್ಲೇ ಕಳಿಸಬೇಕು. ಶನಿವಾರ ಸಂಜೆ ಐದು ಗಂಟೆ ಕೊನೆ. ಜಾಹೀರಾತು ನೋಡುವಾಗಲೇ ಅವಳಿಗೆ ನೆನಪಾಯಿತು: ರುದ್ರೇಶ್ ಈಗ ಅಲ್ಲೇ ಸೀನಿಯರ್ ಅನಾಲಿಸ್ಟ್.

ಆ ಹೆಸರು ನೆನಪಾದದ್ದೇ ಕಷ್ಟವಾಯಿತು. ಫೌಂಡ್ರಿಯಲ್ಲಿ ನಾಲ್ಕು ವರ್ಷ ಇಬ್ಬರೂ ಒಂದೇ ಲ್ಯಾಬಿನಲ್ಲಿದ್ದರು. ಒಂದು ಬೆಳಿಗ್ಗೆ ರುದ್ರೇಶ್ ಸಿಲಿಕಾನ್ ಶೇಕಡಾ ೨.೧ ಎಂದು ಬರೆದಿಟ್ಟು ಪಾಳಿ ಮುಗಿಸಿ ಹೊರಟಿದ್ದ. ಆ ಅಂಕಿ ಯಾಕೋ ಹಿಂದಿನ ದಿನಗಳಿಗೆ ಹೊಂದುತ್ತಿಲ್ಲವೆಂದು ರಶ್ಮಿ ಉಳಿದ ಮಾದರಿಯನ್ನು ಇನ್ನೊಮ್ಮೆ ನೋಡಿದಳು. ೧.೭ ಬಂತು. ಮತ್ತೊಮ್ಮೆ ನೋಡಿದಳು, ೧.೭. ತಪ್ಪು ಅಂಕಿ ನಂಬಿ ಹೊಯ್ದರೆ ಸರಕೆಲ್ಲ ಕೆಡುತ್ತದೆಂದು ಹೋಗಿ ಎರಕ ನಿಲ್ಲಿಸಿದಳು. ಮನೆ ತಲುಪಿದ್ದ ರುದ್ರೇಶನನ್ನು ವಾಪಸ್ ಕರೆಸಿ ಮ್ಯಾನೇಜರ್ ಎಲ್ಲರೆದುರೇ ಬೈದರು. ಅಂದಿನಿಂದ ಅವನು ಕೆಲಸ ಬಿಟ್ಟು ಹೋಗುವವರೆಗೆ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

“ಕೇಳದೇ ಹೆಸ್ರು ಬರ್ದುಬಿಟ್ರೆ ಏನಾಗುತ್ತೆ?” ಎಂದ ಗಂಡ ಶಿವಯೋಗಿ. “ಅಲ್ಲಿ ಕೆಲ್ಸ ಮಾಡೋದಂತೂ ನಿಜ, ನಿನ್ನ ಜೊತೆ ಇದ್ದಿದ್ದೂ ನಿಜ.”

“ಅವ್ರನ್ನ ಕರೆದು ಕೇಳಿದ್ರೆ? ‘ನಂಗೊತ್ತೇ ಇಲ್ಲ’ ಅಂದ್ರೆ ನನ್ನ ಅರ್ಜಿ ಅಲ್ಲಿಗೇ ಮುಗೀತು. ಹೋಗಿ ಕೇಳ್ತೀನಿ.”

ಗುರುವಾರ ಬಸ್ಸು ಹಿಡಿದು ಹೋದಳು. ಮಧ್ಯಾಹ್ನದ ಊಟದ ಹೊತ್ತಿಗೆ ಲ್ಯಾಬಿನ ಎದುರಿನ ಟೀ ಅಂಗಡಿಯ ಹತ್ತಿರ ಕಾದಳು. ರುದ್ರೇಶ್ ರಸ್ತೆ ದಾಟಿ ಬಂದವನು ಅವಳನ್ನು ನೋಡಿ ನಿಂತ.

“ಏನ್ರೀ ಮೇಡಂ, ಇಲ್ಲೀವರೆಗೂ ಬಂದ್ರಾ? ನನ್ನ ರೀಡಿಂಗ್ ಚೆಕ್ ಮಾಡೋಕಾ?”

ಆ ಮಾತಿನಲ್ಲಿ ನಗು ಎಷ್ಟಿತ್ತು, ಮುಳ್ಳು ಎಷ್ಟಿತ್ತು ಎಂದು ರಶ್ಮಿ ಅಳೆಯಲು ಹೋಗಲಿಲ್ಲ. “ಅಲ್ಲ ರುದ್ರೇಶ್. ನಿಮ್ಮಲ್ಲಿ ಅನಾಲಿಸ್ಟ್ ಕೆಲ್ಸಕ್ಕೆ ಅರ್ಜಿ ಹಾಕ್ತಿದೀನಿ. ಮೇಲ್‌ನ ಶುರುವಲ್ಲೇ ನಿಮ್ಮ ಹೆಸ್ರು ಹೇಳ್ಬಹುದಾ ಅಂತ ಕೇಳೋಕೆ ಬಂದೆ. ಬೇಡ ಅಂದ್ರೆ ಹಾಕಲ್ಲ, ಹಾಗೇ ಕಳಿಸ್ತೀನಿ.”

ರುದ್ರೇಶ್ ಎರಡು ಟೀ ಹೇಳಿದ. ಬಂದ ಮೇಲೆ ಒಂದು ಲೋಟ ಅವಳ ಕಡೆ ಸರಿಸಿದ.

“ಆಮೇಲೆ ನನ್ನ ಕರೆದು ಕೇಳ್ತಾರೆ, ಗೊತ್ತಲ್ಲ? ಹೆಂಗೆ ಗೊತ್ತು, ಎಷ್ಟು ದಿನದಿಂದ ಗೊತ್ತು, ಕೆಲ್ಸ ಹೆಂಗೆ ಅಂತ.”

“ಗೊತ್ತು. ನಿಮಗೆ ಏನನ್ಸುತ್ತೋ ಅದನ್ನೇ ಹೇಳಿ.”

“ಆವತ್ತಿಂದೂ ಹೇಳ್ಲಾ?”

“ಹೇಳಿ. ನಾನಂತೂ ಬರೆಯಲ್ಲ.”

ಅವನು ಲೋಟದ ತಳ ನೋಡುತ್ತ ನಕ್ಕ. ಈ ಸಲ ಅದು ನಗುವೇ ಆಗಿತ್ತು. “ಸರಿ, ಕೇಳಿ. ನಮ್ಮಲ್ಲಿ ಒಂದು ಫಾರ್ಮ್ ಇದೆ. ಯಾರನ್ನಾದ್ರೂ ಸೂಚಿಸಿದ್ರೆ ಮೊದ್ಲು ನಾವು ಅದನ್ನ ತುಂಬಿ ಆಫೀಸಿಗೆ ಕೊಡ್ಬೇಕು. ನಾಳೆ ಬೆಳಿಗ್ಗೆ ಕೊಡ್ತೀನಿ. ಕೊಟ್ಟು ನಿಮಗೆ ಮೆಸೇಜ್ ಹಾಕ್ತೀನಿ. ಅದು ಬಂದ್ಮೇಲೆ ಮೇಲ್ ಕಳಿಸಿ. ಹುದ್ದೆ ಹೆಸ್ರು ಜಾಹೀರಾತಲ್ಲಿ ಹೆಂಗಿದ್ಯೋ ಹಂಗೇ ಹಾಕಿ. ನನ್ನ ಹೆಸ್ರು, ನನ್ನ ಹುದ್ದೆ, ನಾವು ಎಲ್ಲಿ ಒಟ್ಟಿಗಿದ್ವಿ, ಅಷ್ಟೇ. ‘ರುದ್ರೇಶ್ ಸರ್ ತುಂಬಾ ಹೊಗಳಿದ್ರು’ ಅಂತೆಲ್ಲ ಬರೀಬೇಡಿ ಮತ್ತೆ.”

“ನೀವು ಹೊಗಳಿಲ್ವಲ್ಲ, ಹೆಂಗೆ ಬರೀಲಿ?”

“ಬದಲಾಗಿಲ್ಲ ಬಿಡಿ ನೀವು” ಎಂದ ರುದ್ರೇಶ್. ಟೀ ದುಡ್ಡನ್ನು ಅವಳಿಗೆ ಕೊಡಲು ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ‘ಫಾರ್ಮ್ ಕೊಟ್ಟೆ’ ಎಂದು ಅವನ ಮೆಸೇಜ್ ಬಂತು. ರಶ್ಮಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕುಳಿತಳು. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ತನ್ನ ಹೆಸರು, ‘ಸೂಚಿಸಿದವರು: ರುದ್ರೇಶ್’ ಎಂದು ಹಾಕಿದಳು. ಒಳಗೆ ಇಂಗ್ಲಿಷಿನಲ್ಲಿ ಬರೆದ ಮೊದಲ ಮಾತುಗಳ ಅರ್ಥ ಹೀಗಿತ್ತು:

‘ಅನಾಲಿಸ್ಟ್ ಹುದ್ದೆಗೆ ಈ ಅರ್ಜಿ. ನಿಮ್ಮಲ್ಲಿ ಸೀನಿಯರ್ ಅನಾಲಿಸ್ಟ್ ಆಗಿರುವ ರುದ್ರೇಶ್ ಅವರು ಈ ಹುದ್ದೆಗೆ ನನ್ನನ್ನು ಸೂಚಿಸಿದ್ದಾರೆ; ಭದ್ರಾವತಿಯ ಫೌಂಡ್ರಿಯ ಲ್ಯಾಬಿನಲ್ಲಿ ನಾವು ನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ. ಅಲ್ಲಿ ಒಂಬತ್ತು ವರ್ಷ ರಾಸಾಯನಿಕ ಪರೀಕ್ಷೆಯ ಕೆಲಸ ನನ್ನದಾಗಿತ್ತು.’

ಉಳಿದದ್ದು ಅವಳ ಕೆಲಸದ ವಿವರ, ಆರು ಸಾಲು. ಅದರ ಕೆಳಗೆ ಫೋನ್ ನಂಬರ್.

ಮಾವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಬಗ್ಗಿ ಓದಿದರು. “ಇದೇನು, ಮೇಲ್ಗಡೆನೇ ಹಾಕಿದೀಯಲ್ಲ. ಕೆಳಗೆ ಒಂದು ಗೌರವ ಇರುತ್ತಮ್ಮ.”

“ಮಾವ, ನಿಮ್ಮ ಫೋರ್‌ಮನ್ನರು ಆ ಕಾಗದ ಕೈಯಲ್ಲಿ ಹಿಡ್ಕೊಂಡು ಸಾಹೇಬ್ರ ಟೇಬಲ್‌ಗೆ ಹೋಗ್ತಿದ್ರು. ಸಾಹೇಬ್ರು ಪೂರ್ತಿ ಓದ್ತಿದ್ರು. ಇಲ್ಲಿ ಕೊನೇ ಸಾಲಿನವರೆಗೆ ಯಾರೂ ಬರಲ್ಲ. ಆ ನವೀನ್ ಹೆಸ್ರು ಕೆಳಗಿಟ್ಟು ಏನಾಯ್ತು, ಗೋಡೇಲಿ ನೋಡಿ.”

ಷಡಕ್ಷರಪ್ಪ ಎದ್ದು ಹೋಗಿ ಗೋಡೆ ನೋಡಿ ಬಂದರು. “ಹಂಗಾದ್ರೆ ಕಳ್ಸು” ಎಂದರು. ಅವರು ಮಾತು ಬದಲಿಸುವುದು ಅಪರೂಪವಾದ್ದರಿಂದ ರಶ್ಮಿ ಅಲ್ಲೇ ಗುಂಡಿ ಒತ್ತಿದಳು. ಗೋಡೆಯ ಹಾಳೆಯಲ್ಲಿ ಹನ್ನೆರಡನೇ ಸಾಲು ಬರೆದಳು.

ಸೋಮವಾರ ಕರೆ ಬಂತು. ಬುಧವಾರ ಹತ್ತು ಗಂಟೆಗೆ ಬರಬೇಕು, ಒಂದು ಪರೀಕ್ಷೆ ಮಾಡಿ ತೋರಿಸಬೇಕು, ಆಮೇಲೆ ಮಾತುಕತೆ.

ಬುಧವಾರ ಅವಳ ಕೈಗೆ ನೀರಿನ ಒಂದು ಬಾಟಲಿ ಕೊಟ್ಟರು. ಗಡಸುತನ ಎಷ್ಟೆಂದು ಹೇಳಬೇಕು. ಎಂಟು ತಿಂಗಳ ನಂತರ ಬ್ಯುರೆಟ್ ಹಿಡಿದ ಬೆರಳುಗಳು ಮೊದಲ ಸಲ ತುಸು ಅವಸರಪಟ್ಟವು. ಬಣ್ಣ ಕೆಂಪಿನಿಂದ ನೀಲಿಗೆ ತಿರುಗಿದ ಕ್ಷಣವೇ ನಿಲ್ಲಿಸಬೇಕಿತ್ತು; ಎರಡು ಹನಿ ಹೆಚ್ಚು ಬಿತ್ತು. ಅದನ್ನು ಮುಚ್ಚಿಡದೆ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ‘ಅಂತ್ಯಬಿಂದು ದಾಟಿದೆ, ಪರಿಗಣಿಸಿಲ್ಲ’ ಎಂದು ಹಾಕಿದಳು. ಮತ್ತೆ ಮೂರು ಸಲ ಮಾಡಿದಳು. ಮೂರೂ ಹೊಂದಿದವು.

ಲ್ಯಾಬಿನ ಮುಖ್ಯಸ್ಥೆ ಜಗದಾಂಬಾ ಆ ಹಾಳೆಯನ್ನು ನಿಧಾನವಾಗಿ ಓದಿದರು. ಮಾತುಕತೆಯ ಕೋಣೆಯಲ್ಲಿ ರುದ್ರೇಶ್ ಇರಲಿಲ್ಲ. ಸೂಚಿಸಿದವರು ಅಲ್ಲಿ ಕೂರುವಂತಿಲ್ಲ ಎಂಬುದು ಅಲ್ಲಿನ ನಿಯಮ.

“ಆ ಹೆಸರಿದ್ದಿದ್ದಕ್ಕೆ ನಿಮ್ಮ ಮೇಲ್ ಬೇಗ ತೆಗೆದು ನೋಡಿದ್ವಿ. ಅಷ್ಟೇ, ಮುಂದಿನದಕ್ಕೆ ಅದು ಬರಲ್ಲ” ಎಂದರು ಜಗದಾಂಬಾ. “ಫೌಂಡ್ರಿಯಲ್ಲಿ ಒಂದು ದಿನ ಎರಕ ನಿಲ್ಲಿಸಿದ್ರಂತೆ. ಏನಾಗಿತ್ತು?”

“ಒಂದು ರೀಡಿಂಗ್ ಹೊಂದ್ತಿರಲಿಲ್ಲ ಮೇಡಂ. ಎರಡು ಸಲ ನೋಡ್ದೆ, ಬೇರೆ ಬಂತು. ಅದಕ್ಕೆ ನಿಲ್ಲಿಸ್ದೆ.”

“ಮೊದಲನೇ ರೀಡಿಂಗ್ ಯಾರದು?”

“ನಮ್ಮ ಲ್ಯಾಬಿಂದು ಮೇಡಂ.”

ಜಗದಾಂಬಾ ಮುಂದಿದ್ದ ಫಾರ್ಮನ್ನು ಅವಳ ಕಡೆ ತಿರುಗಿಸಿದರು. ‘ಈ ವ್ಯಕ್ತಿಯನ್ನು ಏಕೆ ಸೂಚಿಸುತ್ತೀರಿ’ ಎಂಬುದರ ಎದುರು ರುದ್ರೇಶನ ಓರೆ ಅಕ್ಷರಗಳಿದ್ದವು: ‘ನಾನು ತಪ್ಪು ಬರೆದಿದ್ದೆ. ಇವರು ನಂಬದೆ ಮತ್ತೆ ನೋಡಿದರು.’

ರಶ್ಮಿ ಅದನ್ನು ಎರಡು ಸಲ ಓದಿದಳು. ಫಾರ್ಮನ್ನು ಮತ್ತೆ ಅವರ ಕಡೆ ತಿರುಗಿಸಿಟ್ಟಳು. ಜಗದಾಂಬಾ ಮುಂದಿನ ಪ್ರಶ್ನೆಗೆ ಹೋದರು.

ತಿಂಗಳು ಮುಗಿಯಲು ಮೂರು ದಿನ ಇರುವಾಗ ನೇಮಕಾತಿ ಆದೇಶದ ಮೇಲ್ ಬಂತು. ಮಾವ ಪೆನ್ನು ಕೇಳಿ ಪಡೆದು, ಗೋಡೆಯ ಹಾಳೆಯ ಹನ್ನೆರಡನೇ ಸಾಲಿನ ಕೊನೆಯ ಕಾಲಂನಲ್ಲಿ ತಾವೇ ‘ಆಯ್ತು’ ಎಂದು ಬರೆದರು. ರಶ್ಮಿ ಹೊಳೆಹೊನ್ನೂರಿಗೆ ಫೋನ್ ಮಾಡಿದಳು. “ಬಟ್ಟೆ ಅಳೆಯೋಕೆ ಬೇರೆಯವ್ರನ್ನ ನೋಡ್ಕೋತೀನಿ, ನೀನು ನೀರು ಅಳೆ” ಎಂದರು ಮಲ್ಲಿಕ್.

ಒಂದನೇ ತಾರೀಖು ಬೆಳಿಗ್ಗೆ ಅವಳು ಸವಳಂಗ ರಸ್ತೆಯ ಲ್ಯಾಬಿನಲ್ಲಿ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ರುದ್ರೇಶ್ ಒಂದು ವರದಿ ತಂದು ಮೇಜಿನ ಮೇಲಿಟ್ಟ. ‘ಪರೀಕ್ಷಿಸಿದವರು’ ಎಂಬಲ್ಲಿ ಅವನ ಸಹಿ ಇತ್ತು. ‘ಪರಿಶೀಲಿಸಿದವರು’ ಎಂಬ ಜಾಗ ಖಾಲಿ ಇತ್ತು.

“ಸುಮ್ನೆ ಸೈನ್ ಹಾಕ್ಬೇಡಿ ಮತ್ತೆ” ಎಂದ.

ರಶ್ಮಿ ಕುರ್ಚಿ ಎಳೆದುಕೊಂಡು ಕುಳಿತು, ಮೊದಲ ಸಾಲಿನಿಂದ ಓದತೊಡಗಿದಳು.