ಹರಿಣಾಕ್ಷಿ ಟೀಚರರ ಬೇಲಿ

ಹರಿಣಾಕ್ಷಿ ಟೀಚರಿಗೆ ಆ ಮಾತು ಕೇಳಿಸಿದ್ದು ಸ್ಟಾಫ್ ರೂಮಿನ ಹೊರಗೆ, ನೀರು ಕುಡಿಯುವ ನಳ್ಳಿಯ ಹತ್ತಿರ.

"ಶ್ರೀರಂಜಿನಿ ಟೀಚರ್ ಹೇಳಿದ್ದು ನೆನಪುಂಟಲ್ಲ? ಬೇಲಿ ನೋಡದೆ ಹಗ್ಗ ಬಿಡಬಾರದು. ಅಷ್ಟು ಗೊತ್ತಾದ್ರೆ ಇಡೀ ಪಾಠ ಮುಗೀತು ಮಾರಾಯ."

ಹೇಳಿದವನು ಎರಡನೇ ವರ್ಷದ ಯೋಗೀಶ. ಟೀಚರ್ ನಳ್ಳಿ ನಿಲ್ಲಿಸುವುದನ್ನೂ ಮರೆತು ನಿಂತರು. ಬಾಟಲಿ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಆ ಮಾತು ಶ್ರೀರಂಜಿನಿಯದ್ದಲ್ಲ. ಹರಿಣಾಕ್ಷಿಯದ್ದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ನೆಕ್ರಾಜೆಯಲ್ಲಿ ಮೂರು ದನ ಸಾಕುತ್ತಿದ್ದ ಅವರ ಅಪ್ಪ ಲೋಕಯ್ಯನವರದ್ದು. ಪಕ್ಕದವರ ಗದ್ದೆಗೆ ದನ ಬಾಯಿ ಹಾಕಿದರೆ ಜಗಳ. ಹಾಗಾಗಿ ಗೂಟ ಹೊಡೆಯುವ ಮೊದಲು ಅವರು ಬೇಲಿಯ ಸುತ್ತ ಒಮ್ಮೆ ನಡೆದು, ಆಮೇಲೆ ಹಗ್ಗದ ಉದ್ದ ನಿರ್ಧರಿಸುತ್ತಿದ್ದರು. ಆ ಮನೆಯಿಂದ ಡಿಗ್ರಿ ಮುಗಿಸಿದವರಲ್ಲಿ ಹರಿಣಾಕ್ಷಿ ಮೊದಲಿಗರು. ಸ್ಟಾಟಿಸ್ಟಿಕ್ಸಿನಲ್ಲಿ ಎಂ.ಎಸ್ಸಿ. ಮಾಡುವಾಗ ಎರಡು ಚರಗಳ ಸಂಭವನೀಯತೆಯನ್ನು ಒಟ್ಟಿಗೆ ಹೇಳುವ ಜಂಟಿ ಸಾಂದ್ರತೆಯ ಪಾಠ ತಲೆಗೆ ಹತ್ತದೆ ಕುಳಿತಿದ್ದ ಒಂದು ದಿನ ಅಪ್ಪನ ಹಗ್ಗ ನೆನಪಾಗಿತ್ತು. ಎರಡು ಚರಗಳು ಓಡಾಡಬಹುದಾದ ಜಾಗಕ್ಕೆ ಒಂದು ಬೇಲಿ ಇರುತ್ತದೆ. ಇಂಟಿಗ್ರೇಷನ್ನಿನ ಮಿತಿ ಎಂದರೆ ಬೇಲಿಯವರೆಗಿನ ಹಗ್ಗ. ಅಂದಿನಿಂದ ಕಾಸರಗೋಡಿನ ಈ ಖಾಸಗಿ ಕಾಲೇಜಿನಲ್ಲಿ ಒಂಬತ್ತು ವರ್ಷ, ಪ್ರತಿ ತಂಡಕ್ಕೂ ಅದನ್ನೇ ಹೇಳಿದ್ದರು. ಆ ತಂಡಗಳಲ್ಲೊಂದರಲ್ಲಿ ಬೆಳ್ಳೂರಿನ ಶ್ರೀರಂಜಿನಿಯೂ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು.

ಅದೇ ಶ್ರೀರಂಜಿನಿ ಈ ಜೂನಿನಲ್ಲಿ ಟೀಚರಾಗಿ ಬಂದಿದ್ದಳು, ಅಧ್ಯಾಪಕರ ನೆಟ್ ಪರೀಕ್ಷೆ ಪಾಸಾಗಿ. ಪಾಠ ಹರಿಣಾಕ್ಷಿಯವರದ್ದು, ಮಧ್ಯಾಹ್ನದ ಲೆಕ್ಕ ಬಿಡಿಸುವ ತರಗತಿ ಅವಳದ್ದು. ಮಕ್ಕಳು ಊಟ ಬಿಟ್ಟು ಓಡುತ್ತಿದ್ದುದು ಅವಳ ತರಗತಿಗೆ. ಮುಂದಿನ ವರ್ಷ ಸಂಭವನೀಯತೆಯ ಪೇಪರನ್ನು ಒಬ್ಬರೇ ಪೂರ್ತಿ ತೆಗೆದುಕೊಳ್ಳಬೇಕು, ಇನ್ನೊಬ್ಬರು ಕಾಮರ್ಸ್ ಮಕ್ಕಳಿಗೆ ಸರಾಸರಿ ಹೇಳಿಕೊಡಬೇಕು ಎಂದು ವಿಭಾಗದ ಮುಖ್ಯಸ್ಥ ಮುರಳೀಕೃಷ್ಣ ಸರ್ ಹೇಳಿ ವಾರವಾಗಿತ್ತು. ಯಾರು ಎಂದು ಹೇಳಿರಲಿಲ್ಲ.

ಹರಿಣಾಕ್ಷಿಗೆ ಶ್ರೀರಂಜಿನಿಯ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಬೋರ್ಡಿನ ಮೇಲೆ ಸ್ಕೇಲಿಲ್ಲದೆ ಅವಳು ಎಳೆಯುವ ನೇರ ಗೆರೆ. ಮಲಯಾಳದ ಮಕ್ಕಳಿಗೆ ಮಲಯಾಳದಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ತಡವರಿಸದೆ ಹೇಳುವುದು. ಚಿತ್ರ ಬಿಡಿಸಿ ಬಣ್ಣ ತುಂಬುವುದು. 'ಬಣ್ಣದ ಚಾಕ್ ಇದ್ದರೆ ನಾನೂ ಬಿಡಿಸುತ್ತಿದ್ದೆ' ಎಂದುಕೊಂಡರು. ಬಣ್ಣದ ಚಾಕ್ ಒಂಬತ್ತು ವರ್ಷದಿಂದ ತರಗತಿಯ ಕಪಾಟಿನಲ್ಲೇ ಇತ್ತು.

ಆಂತರಿಕ ಪರೀಕ್ಷೆಯ ಪ್ರಶ್ನೆಯನ್ನು ಹರಿಣಾಕ್ಷಿಯೇ ತಯಾರಿಸಿದರು. ಹಾಸ್ಟೆಲಿನ ಟ್ಯಾಂಕಿನಲ್ಲಿ ಬೆಳಿಗ್ಗೆ ತುಂಬುವ ನೀರು x ಪಾಲು, ಸಂಜೆಯೊಳಗೆ ಖರ್ಚಾಗುವುದು y ಪಾಲು. ತುಂಬಿದ್ದಕ್ಕಿಂತ ಹೆಚ್ಚು ಖರ್ಚಾಗದು. ಆದ್ದರಿಂದ y ಯಾವಾಗಲೂ x ಗಿಂತ ಕಡಿಮೆ, x ಒಂದಕ್ಕಿಂತ ಕಡಿಮೆ. ಆ ತ್ರಿಕೋನದೊಳಗೆ ಜಂಟಿ ಸಾಂದ್ರತೆ 8xy, ಹೊರಗೆ ಸೊನ್ನೆ. ಎರಡೂ ಅಂಚಿನ ಸಾಂದ್ರತೆಗಳನ್ನು, ಅಂದರೆ x ಒಂದರದ್ದೇ ಮತ್ತು y ಒಂದರದ್ದೇ ಸಾಂದ್ರತೆಯನ್ನು, ಕಂಡುಹಿಡಿಯಿರಿ. x, y ಸೇರಿ ಒಂದಕ್ಕಿಂತ ಕಡಿಮೆಯಾಗುವ ಸಂಭವನೀಯತೆ ಎಷ್ಟು?

ಉತ್ತರದ ಹಾಳೆಯನ್ನು ಬಸ್ಸಿನಲ್ಲಿ ಕುಳಿತು ಬರೆದರು. x ನ ಅಂಚಿನ ಸಾಂದ್ರತೆಗೆ y ಯನ್ನು ಸೊನ್ನೆಯಿಂದ x ವರೆಗೆ ಇಂಟಿಗ್ರೇಟ್ ಮಾಡಿದರೆ 4x³. y ಯದ್ದಕ್ಕೆ x ಅನ್ನು y ಯಿಂದ ಒಂದರವರೆಗೆ ತೆಗೆದುಕೊಂಡರೆ 4y(1−y²). ಕೊನೆಯದಕ್ಕೆ, ಚಿತ್ರಗಿತ್ರ ಇಲ್ಲದೆ ಎರಡೇ ಸಾಲಿನಲ್ಲಿ ಮುಗಿಸಿ ತೋರಿಸಬೇಕೆಂದು ಹಠ. y ಸೊನ್ನೆಯಿಂದ 1−x ವರೆಗೆ, x ಸೊನ್ನೆಯಿಂದ ಒಂದರವರೆಗೆ. ಉತ್ತರ ಮೂರರಲ್ಲೊಂದು.

ಇಪ್ಪತ್ತಮೂರು ಉತ್ತರಪತ್ರಿಕೆಗಳಲ್ಲಿ ಹನ್ನೊಂದರಲ್ಲಿ ಉತ್ತರ 'ಆರರಲ್ಲೊಂದು' ಎಂದಿತ್ತು. ಹನ್ನೊಂದರಲ್ಲೂ ಒಂದೇ ಚಿತ್ರ, ಒಂದೇ ಬಣ್ಣ. ಹನ್ನೊಂದು ಮಂದಿಯೂ ಶ್ರೀರಂಜಿನಿಯ ತರಗತಿಗೆ ಓಡುವವರು. ಹರಿಣಾಕ್ಷಿಯ ಕೆಂಪು ಪೆನ್ನು ಹನ್ನೊಂದು ಸಲ ಅಡ್ಡ ಹೋಯಿತು. ಪ್ರತಿ ಸಲವೂ ಎದೆಯೊಳಗೆ ಸಣ್ಣ ತಂಪು. ಯೋಗೀಶನ ಪತ್ರಿಕೆಯ ಮೇಲೆ ಗೆರೆ ಸ್ವಲ್ಪ ಉದ್ದವೇ ಆಯಿತು.

ಕಟ್ಟನ್ನು ಎತ್ತಿಕೊಂಡು ಮುರಳೀಕೃಷ್ಣ ಸರ್ ಹತ್ತಿರ ಹೋದರು. ಶ್ರೀರಂಜಿನಿಯೂ ಅಲ್ಲೇ ಹಾಜರಿ ಪುಸ್ತಕ ಬರೆಯುತ್ತಿದ್ದಳು.

"ಸರ್, ನೋಡಿ. ಹೊಸಬರ ಕ್ಲಾಸಿಗೆ ಹೋದವರೆಲ್ಲ ಒಂದೇ ತಪ್ಪು ಮಾಡಿದ್ದಾರೆ. ಬಣ್ಣ ಚೆಂದ ಉಂಟು, ಉತ್ತರ ಮಾತ್ರ ಇಲ್ಲ."

ಸರ್ ಕನ್ನಡಕ ಏರಿಸಿದರು. "ಎಂತ ಟೀಚರೇ, ಹನ್ನೊಂದು ಜನ ಒಟ್ಟಿಗೆ ಬಿದ್ದದ್ದಾ? ಶ್ರೀರಂಜಿನಿ, ಇದು ಹೇಗೆ?"

ಶ್ರೀರಂಜಿನಿ ಒಂದು ಪತ್ರಿಕೆ ನೋಡಿದಳು. ಆಮೇಲೆ ಹರಿಣಾಕ್ಷಿಯ ಉತ್ತರದ ಹಾಳೆ ನೋಡಿದಳು. ಅವಳ ಮುಖ ಕೆಂಪಾಯಿತು. ಸಿಕ್ಕಿಬಿದ್ದಳು ಎಂದುಕೊಂಡರು ಹರಿಣಾಕ್ಷಿ.

"ಸರ್, ನಾನು ಟೀಚರ್ ಹತ್ರ ಕೂತು ಒಮ್ಮೆ ನೋಡ್ತೇನೆ. ನಾಳೆ ಹೇಳಿದ್ರೆ ಸಾಕಾ?"

"ನಾಳೆ ಯಾಕೆ? ಇಲ್ಲೇ ಹೇಳು," ಎಂದರು ಹರಿಣಾಕ್ಷಿ.

ಶ್ರೀರಂಜಿನಿ ಉತ್ತರದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮತ್ತೆ ಬಹಳ ಮೆಲ್ಲಗೆ, ಬೆಂಚಿನಲ್ಲಿ ಎದ್ದು ನಿಂತ ವಿದ್ಯಾರ್ಥಿನಿಯ ಹಾಗೆ ಕೇಳಿದಳು: "ಟೀಚರ್, x ಕಾಲು ಭಾಗ ಇದ್ರೆ y ಎಲ್ಲಿಯವರೆಗೆ ಹೋಗಬಹುದು?"

"1−x ವರೆಗೆ. ಮುಕ್ಕಾಲು."

ಹೇಳಿದ ಮರುಕ್ಷಣ ಅವರು ತಮ್ಮ ಉತ್ತರದ ಹಾಳೆಯತ್ತ ನೋಡಿದರು. ಕಾಲು ಟ್ಯಾಂಕು ತುಂಬಿ ಮುಕ್ಕಾಲು ಟ್ಯಾಂಕು ಖರ್ಚು. ದನ ಬೇಲಿ ಹಾರಿ ಪಕ್ಕದವರ ಗದ್ದೆಯಲ್ಲಿತ್ತು.

ಬೇಲಿ ಎರಡಿತ್ತು. ಒಂದು y = x, ಇನ್ನೊಂದು x + y = 1. x ಅರ್ಧವಾಗುವವರೆಗೆ ಮೊದಲನೆಯ ಬೇಲಿ ಹತ್ತಿರ, ಆಮೇಲೆ ಎರಡನೆಯದು. ಯಾವುದು ಹತ್ತಿರವೋ ಅಲ್ಲಿಗೆ ಹಗ್ಗ ನಿಲ್ಲಬೇಕು. "ಬೇಲಿ ಎರಡುಂಟು" ಎಂದು ಗೊಣಗುತ್ತ, ಸರ್ ಮೇಜಿನ ಮೇಲಿದ್ದ ಕಾಗದದಲ್ಲಿ ಹರಿಣಾಕ್ಷಿ ತಾವೇ ಬರೆದರು. ಅರ್ಧದವರೆಗೆ ಹದಿನಾರರಲ್ಲೊಂದು. ಅರ್ಧದಿಂದ ಒಂದರವರೆಗೆ ನಲವತ್ತೆಂಟರಲ್ಲಿ ಐದು. ಸೇರಿಸಿದರೆ ನಲವತ್ತೆಂಟರಲ್ಲಿ ಎಂಟು. ಆರರಲ್ಲೊಂದು.

"ಬೇಲಿ ಲೆಕ್ಕಕ್ಕೆ ಹಿಡಿಯದೆ ಇಡೀ ಚೌಕಕ್ಕೆ 8xy ಹಾಕಿದ್ರೆ ಒಟ್ಟು ಎರಡು ಬರ್ತದೆ," ಎಂದರು ಸರ್, ತಮಗೆ ತಾವೇ ಹೇಳಿಕೊಂಡ ಹಾಗೆ. "ಸಂಭವನೀಯತೆ ಎರಡಾ! ಅದಕ್ಕೇ ನಿಮ್ಮದು ಸರಿಯಾಗಿ ಡಬ್ಬಲ್ ಬಂದದ್ದು."

"ಆ ಬೇಲಿ ಮಾತು ಟೀಚರೇ ನಮಗೆ ಕಲಿಸಿದ್ದು ಸರ್," ಎಂದಳು ಶ್ರೀರಂಜಿನಿ. "ನಾನು ಕ್ಲಾಸಲ್ಲಿ ಅದನ್ನೇ ಹೇಳುವುದು."

ಅವಳು ಬೈದಿದ್ದರೆ ಚೆನ್ನಾಗಿತ್ತು. ನಕ್ಕಿದ್ದರೂ ಆಗುತ್ತಿತ್ತು. ಈ ಒಳ್ಳೆಯತನವೂ ಅವಳಿಗೇ ಬಂದಿತಲ್ಲ ಎಂದು ಹರಿಣಾಕ್ಷಿಗೆ ಹೊಟ್ಟೆ ಉರಿಯಿತು.

ಮರುದಿನ ತರಗತಿಯಲ್ಲಿ ಅವರು ಕಪಾಟಿನಿಂದ ಹಸಿರು ಚಾಕ್ ತೆಗೆದು ತ್ರಿಕೋನ ಬಿಡಿಸಿದರು. ಗೆರೆ ಸೊಟ್ಟಗಾಯಿತು. "ಆರರಲ್ಲೊಂದು ಬರೆದವರದ್ದು ಸರಿ. ತಪ್ಪು ನನ್ನದು. ಪತ್ರಿಕೆ ತಂದುಕೊಡಿ, ಅಂಕ ತಿದ್ದುತ್ತೇನೆ."

ಯೋಗೀಶ ತನ್ನದನ್ನು ತಂದ. ಉದ್ದದ ಕೆಂಪು ಗೆರೆಯ ಮೇಲೆ ಅವರು ಸಹಿ ಹಾಕಿದರು.

"ಶ್ರೀರಂಜಿನಿ ಟೀಚರ್ ಹೇಳ್ತಾರೆ ಟೀಚರ್, ಬೇಲಿ..."

"ಅದು ನನ್ನ ಅಪ್ಪನ ಬೇಲಿ," ಎಂದರು ಹರಿಣಾಕ್ಷಿ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಹಿಂದಿನ ಬೆಂಚಿನ ನಿಶ್ಮಿತಾ ನಗು ತಡೆದಳು.

ಮುಂದಿನ ವರ್ಷದ ವೇಳಾಪಟ್ಟಿ ಶುಕ್ರವಾರ ಗೋಡೆಗೆ ಬಿತ್ತು. ಸಂಭವನೀಯತೆ: ಶ್ರೀರಂಜಿನಿ. ಕಾಮರ್ಸ್: ಹರಿಣಾಕ್ಷಿ. ಹರಿಣಾಕ್ಷಿ ಅದನ್ನು ಎರಡು ಸಲ ಓದಿದರು. ಬಳಿಕ ತರಗತಿಗೆ ಹೋಗಿ ಕಪಾಟು ತೆರೆದು, ಹಸಿರು ಚಾಕಿನ ಪೆಟ್ಟಿಗೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ಮುಂದಿನ ವರ್ಷದ ಕೋಣೆ ನೋಡಿಬರಲು ಕಾಮರ್ಸ್ ವಿಭಾಗದ ಮೆಟ್ಟಿಲು ಹತ್ತಿದರು.