ದಾವಲಬಿ ಮುಟ್ಟದೆ ಕಾಯ್ದ ಗಡಿಯಾರ

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ದಾವಲಬಿಯ ಗಡಿಯಾರ ರಿಪೇರಿ ಅಂಗಡಿ ಇತ್ತು. ಕೆಲಸ ಕಲಿಸಿದವನು ಅವಳ ಅಪ್ಪ. ಅವನು ಹೋದ ಮೇಲೆ ಅಂಗಡಿ ಮುಚ್ಚುತ್ತದೆ ಎಂದು ಓಣಿಯವರು ಅಂದುಕೊಂಡಿದ್ದರು. ಅವಳು ಮರುವಾರವೇ ಬಾಗಿಲು ತೆಗೆದಳು.

ಬಿಸಿಲಿನಿಂದ ನಡೆಯುವ ಗಡಿಯಾರಗಳನ್ನು ಅವಳು ಬೆಳಿಗ್ಗೆ ಕಿಟಕಿಯ ಹತ್ತಿರ, ಮುಖ ಮೇಲೆ ಮಾಡಿ ಇಡುತ್ತಿದ್ದಳು. ಬಿಸಿಲು ಕಾದರೆ ಒಳಗೆ ತೆಗೆಯುತ್ತಿದ್ದಳು. ಅವಕ್ಕೆ ಬೇಕಾದ್ದು ಬೆಳಕು, ಕಾವಲ್ಲ. ಕೈ ಅಲುಗಾಟದಿಂದ ಚಾರ್ಜ್ ಆಗುವ ಗಡಿಯಾರಗಳನ್ನು ರಿಪೇರಿಯಾದ ಮೇಲೆ ತನ್ನ ಕೈಗೇ ಕಟ್ಟಿಕೊಂಡು ಓಡಾಡುತ್ತಿದ್ದಳು. ಚಾರ್ಜ್ ಉಳಿಯುತ್ತದೋ ಇಲ್ಲವೋ ನೋಡಲು ಅದೇ ಸರಿಯಾದ ದಾರಿ.

“ಏನ್ ದಾವಲವ್ವಾ, ಇವತ್ತ ಎಷ್ಟು ಮಂದಿ ಟೈಮು ಹೊತ್ಕೊಂಡು ಹೊಂಟೀದಿ?” ಎಂದು ಎದುರಿನ ಎಲೆ ಅಡಿಕೆ ಅಂಗಡಿಯ ದುರಗಪ್ಪ ಕಾಡುತ್ತಿದ್ದ.

“ನಿಂದೊಂದು ಕೊಡು ಕಾಕಾ, ಅದಾದ್ರೂ ನಡದೀತು.”

2003ರಲ್ಲಿ ಧಾರವಾಡದ ಮಾಳಮಡ್ಡಿಯಿಂದ ಅಂಬಾಬಾಯಿ ಎಂಬ ಹಿರಿಯ ಹೆಂಗಸು ಬಂದರು. ಅವರ ಗಂಡ ಯಜ್ಞೇಶ್ವರ ಮಾಸ್ತರರು ಹಾರ್ಮೋನಿಯಂ ಕಲಿಸುತ್ತಿದ್ದವರು, ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಗಡಿಯಾರ ಕಪಾಟಿನಲ್ಲಿ ನಿಂತುಹೋಗಿತ್ತು. ಅಂಬಾಬಾಯಿ ಎತ್ತಿದ ಕೂಡಲೇ ಮುಳ್ಳುಗಳು ತಾವಾಗಿ ಗರಗರ ಸುತ್ತಿ, ಸರಿಯಾದ ಹೊತ್ತಿಗೆ ಬಂದು ನಿಂತವಂತೆ.

“ಯಾರೂ ಕೀಲಿ ತಿರುವಲಿಲ್ಲವ್ವಾ. ಅವರಽ ಹಿಂದ ನಿಂತು ತಿರುವಿದ್ಹಾಂಗ ಆತು.”

ದಾವಲಬಿ ತಿಳಿಸಿ ಹೇಳಿದಳು. ಕೈ ಅಲುಗಾಟದಿಂದ ತುಂಬುವ ಈ ಜಾತಿಯ ಗಡಿಯಾರ ಮೂರು ದಿನ ಅಲುಗದಿದ್ದರೆ ಮುಳ್ಳು ನಿಲ್ಲಿಸಿ ಮಲಗುತ್ತದೆ, ಎತ್ತಿದರೆ ಮುಳ್ಳು ಸರಿಯಾದ ಹೊತ್ತಿಗೆ ಓಡಿ ಬರುತ್ತದೆ; ಮಲಗಿದ್ದಾಗಲೂ ಒಳಗೆ ಹೊತ್ತು ಎಣಿಸುತ್ತಿರುತ್ತದೆ. ಪೂರ್ತಿ ಚಾರ್ಜ್ ಇದ್ದರೆ ನಾಲ್ಕು ವರ್ಷದವರೆಗೂ. ಮಾಸ್ತರರು ಎಡಗೈಯಿಂದ ಹಾರ್ಮೋನಿಯಂ ಗಾಳಿ ಒತ್ತುತ್ತಿದ್ದರು, ಗಡಿಯಾರ ಅದೇ ಕೈಯಲ್ಲಿತ್ತು, ಚೆನ್ನಾಗಿ ತುಂಬಿದೆ.

ಅಂಬಾಬಾಯಿ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. “ಅಂದ್ರ ಇದರಾಗ ಇರೋದು ಅವರ ಕೈ ಆಡಿಸಿದ್ದು.”

“ಹೌದ್ರಿ, ಬಾಯಾರ.”

ಅವರು ಅದನ್ನು ಯಾರಿಗೂ ಕಟ್ಟಲು ಕೊಡಲಿಲ್ಲ. ಮೂರು ವರ್ಷದ ಮೇಲೆ ಮತ್ತೆ ಬಂದಾಗ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದಿದ್ದರು. ಸೆಕೆಂಡಿನ ಮುಳ್ಳು ಒಂದು ಬಿಟ್ಟು ಒಂದು ಗೆರೆಗೆ ಜಿಗಿಯುತ್ತಿತ್ತು.

“ನಿನ್ನಿಯಿಂದ ಹಿಂಗ ಕುಂಟಾಕತ್ತದ. ಧಾರವಾಡದಾಗ ಒಬ್ಬವ ಸಾದಾ ಬ್ಯಾಟರಿ ಹಾಕ್ತೇನಿ ಅಂದ.”

“ಹಾಕಿಸಬ್ಯಾಡ್ರಿ! ಅದು ಚಾರ್ಜ್ ಆಗೋ ಬ್ಯಾಟರಿ ಅಲ್ಲ, ಒಡದು ಸೋರತೈತಿ.” ದಾವಲಬಿಯ ಕೈ ಗಡಿಯಾರದತ್ತ ಹೋಯಿತು.

“ಮುಟ್ಟಬ್ಯಾಡ!”

ಕೈ ಅಲ್ಲೇ ನಿಂತಿತು.

“ನಿನ್ನ ಕೈದು ಅದರಾಗ ಸೇರಬಾರದು. ಅವರದು ಎಷ್ಟು ಉಳದದ, ಅಷ್ಟರ ಉಳೀಲಿ. ಹಂಗ ಇಡಲಿಕ್ಕೆ ಬರ್ತದೇನು?”

ಬರುವುದಿಲ್ಲ. ಹೀಗೆ ಜಿಗಿದರೆ ಚಾರ್ಜ್ ಮುಗಿಯುತ್ತ ಬಂತು ಎಂದರ್ಥ. ಅದಕ್ಕಿಂತ ಕಷ್ಟದ ಮಾತು ಇನ್ನೊಂದಿತ್ತು. ದಾವಲಬಿ ತಲೆ ತಗ್ಗಿಸಿ ಕೇಳಿದಳು: “ನಡುವ ಎತ್ತಿ ನೋಡ್ತಿದ್ರೇನ್ರಿ?”

“ಬ್ಯಾಸರಾದಾಗ. ಮುಳ್ಳು ಓಡೋದು ನೋಡಲಿಕ್ಕೆ.”

“ಎತ್ತಿದಾಗೊಮ್ಮೆ ಒಳಗಿನ ಚಕ್ರ ತಿರಗತೈತ್ರಿ. ನಿಮ್ಮ ಕೈದೂ ಕೂಡೇತಿ. ಬಸ್ಸಿನ ಅಲುಗಾಟದ್ದೂ.”

ಅಂಬಾಬಾಯಿ ಗಡಿಯಾರವನ್ನು ನಿಧಾನವಾಗಿ ಅಂಗಡಿಯ ಮೇಜಿನ ಗಾಜಿನ ಮೇಲಿಟ್ಟು, ಬೆರಳು ಹಿಂದೆಳೆದುಕೊಂಡರು. “ಹಂಗಾರ ಅದು ಮುಗಿಯೋತನಕ ನಾ ಇಲ್ಲೇ ಕೂಡ್ತೇನಿ. ಒಬ್ಬಾಕೀನೇ ನೋಡಲಿಕ್ಕೆ ಆಗೂದಿಲ್ಲ.”

ದಾವಲಬಿ ಆ ದಿನ ಬೇರೆ ಕೆಲಸ ಹಿಡಿಯಲಿಲ್ಲ. ಗಾಜಿನ ಮೇಲೆ ಮೊಳಕೈಯನ್ನೂ ಊರಲಿಲ್ಲ. ಗೋಡೆಯ ಗಡಿಯಾರಗಳೆಲ್ಲ ಒಂದೊಂದೇ ಸೆಕೆಂಡು ನಡೆಯುತ್ತಿದ್ದವು. ಇದು ಮಾತ್ರ ನಿಂತು, ಕಾದು, ಜಿಗಿಯುತ್ತಿತ್ತು. ಕೇಳುತ್ತ ಕೇಳುತ್ತ ಇಬ್ಬರ ಉಸಿರೂ ಅದರ ಜೊತೆಗೇ ತಡೆದು ತಡೆದು ಬರುತ್ತಿತ್ತು. ತಮಾಷೆ ಮಾಡಲು ಬಂದ ದುರಗಪ್ಪ ಬಾಗಿಲಲ್ಲೇ ಅರಗಳಿಗೆ ನಿಂತು ಹಿಂದಿರುಗಿದ.

ದೀಪ ಹಚ್ಚುವ ಹೊತ್ತಿಗೆ ಮುಳ್ಳು ನಿಂತಿತು.

ಅಂಬಾಬಾಯಿ ಕಣ್ಣು ಮುಚ್ಚಿದರು. ಆಗ ಹೊರಗೆ ಒಂದು ಕೈಗಾಡಿ ಮೆಟ್ಟಿಲಿಗೆ ಬಡಿಯಿತು, ಗಾಜು ನಡುಗಿತು. ನಿಂತ ಮುಳ್ಳು ಇನ್ನೊಮ್ಮೆ ಜಿಗಿಯಿತು.

ಮುಳ್ಳು ಯಾಕೆ ಜಿಗಿಯಿತೆಂದು ದಾವಲಬಿಗೆ ಗೊತ್ತಿತ್ತು.

“ಅದು ಗಾಡೀದು,” ಎಂದರು ಅಂಬಾಬಾಯಿ, ಕಣ್ಣು ತೆರೆಯದೆ. “ಅವರದಲ್ಲ.”

ಆಮೇಲೆ ಕಣ್ಣು ತೆರೆದು, “ಇನ್ನ ಬಿಚ್ಚು,” ಎಂದರು.

ದಾವಲಬಿ ಹಿಂದಿನ ಮುಚ್ಚಳ ತೆಗೆದಳು. ಸೋತಿದ್ದ ಹಳೆಯದನ್ನು ತೆಗೆದು, ಚಾರ್ಜ್ ಹಿಡಿಯುವ ಹೊಸ ಸೆಲ್ ಕೂರಿಸಿದಳು. ನೀರು ಒಳಹೋಗದಂತೆ ತಡೆಯುವ, ಒಣಗಿದ್ದ ರಬ್ಬರ್ ಬಳೆಯನ್ನೂ ಬದಲಿಸಿ ಮುಚ್ಚಿದಳು. ಹಳೆಯ ಸೆಲ್ಲನ್ನು ಕಾಗದದಲ್ಲಿ ಮಡಚಿ ಕೊಟ್ಟರೆ ಅಂಬಾಬಾಯಿ ಬೇಡವೆಂದರು.

“ಕೆಲವು ದಿನ ಯಾರರ ಕಟ್ಟಿಕೊಂಡು ತಿರಗಬೇಕ್ರಿ.”

“ಕೈ ಚಾಚು.”

ಅವರೇ ಅವಳ ಎಡಗೈಗೆ ಕಟ್ಟಿದರು. ಮಾಸ್ತರರು ಹಾಕುತ್ತಿದ್ದ ತೂತು ಚರ್ಮದ ಪಟ್ಟಿಯಲ್ಲಿ ಅಗಲವಾಗಿತ್ತು. ಅದರಲ್ಲೇ ಸಿಕ್ಕಿಸಿದರು. ಅವಳ ಸಣ್ಣ ಕೈಗೆ ಅದು ಬಹಳ ಸಡಿಲ.

“ಬಿಗೀ ಮಾಡಲೇನ್ರಿ?”

“ಬ್ಯಾಡ, ಹಂಗ ಇರಲಿ.”

ದಾವಲಬಿ ಬಾಗಿಲು ಹಾಕಲು ಕೈ ಎತ್ತಿದಳು. ಗಡಿಯಾರ ಮೊಳಕೈವರೆಗೆ ಜಾರಿ ಹೋಗಿ, ಕೈ ಇಳಿಸಿದೊಡನೆ ಯಾರೋ ಹಿಡಿದು ಎಳೆದಂತೆ ಮತ್ತೆ ಮಣಿಕಟ್ಟಿಗೆ ಬಂದಿತು.